ಆಡಿಟರ್ ಬರುವ ದಿನ ಯಾರು ಎಲ್ಲಿರಬೇಕು?

ಪೀಣ್ಯದಲ್ಲಿ ಪಂಪಿನ ಶಾಫ್ಟ್ ತಯಾರಿಸುವ ನಲವತ್ತು ಜನರ ಕಾರ್ಖಾನೆಯೊಂದಿದೆ ಎಂದುಕೊಳ್ಳೋಣ. ಐಎಸ್ಒ 9001 ತಪಾಸಣೆಗೆ ಮುನ್ನ ಪ್ರಮಾಣೀಕರಣ ಸಂಸ್ಥೆ ದಿನದ ವೇಳಾಪಟ್ಟಿ ಕಳಿಸುತ್ತದೆ. ಬೆಳಿಗ್ಗೆ 9ಕ್ಕೆ ಆರಂಭದ ಸಭೆ, 9.30ಕ್ಕೆ ಮಾಲೀಕರ ಜತೆ ಮಾತುಕತೆ, 10.30ಕ್ಕೆ ಖರೀದಿ ಮತ್ತು ಸ್ಟೋರ್, 11.30ಕ್ಕೆ ಯಂತ್ರಗಳ ಶೆಡ್, ಊಟದ ನಂತರ ತಪಾಸಣಾ ಕೊಠಡಿ, 5ಕ್ಕೆ ಮುಕ್ತಾಯದ ಸಭೆ.

ಈ ಪಟ್ಟಿ ದೇವರ ವಾಕ್ಯವೇನಲ್ಲ. ಮಧ್ಯಾಹ್ನ 2ಕ್ಕೆ ಶಿಫ್ಟ್ ಬದಲಾಗುವುದಾದರೆ, ಆಗ ಶೆಡ್‌ಗೆ ಬರುವುದು ಬೇಡವೆಂದು ಮೊದಲೇ ತಿಳಿಸಬಹುದು. ಆಡಿಟರ್ ನೋಡಬೇಕಾದದ್ದು ನಡೆಯುತ್ತಿರುವ ಕೆಲಸವನ್ನು, ನಿಂತ ಲೇತನ್ನಲ್ಲ. ಮಾಲೀಕರ ಸಮಯವನ್ನು ಮಾತ್ರ ಸಲಹೆಗಾರರ ಕೈಗೆ ದಾಟಿಸುವಂತಿಲ್ಲ. ಗುಣಮಟ್ಟದ ಗುರಿಗಳಿಗೆ ಅವರೇ ಉತ್ತರ ಕೊಡಬೇಕು.

ಎಡವುವುದು ಹೆಚ್ಚಾಗಿ ಇನ್ನೊಂದು ಕಡೆ. ಶೆಡ್‌ನಲ್ಲಿ ಆಡಿಟರ್ ಒಂದು ಜಾಬ್ ಕಾರ್ಡ್ ಎತ್ತಿಕೊಳ್ಳುತ್ತಾರೆ. ಆ ಉಕ್ಕು ಯಾವ ಲಾಟಿನದು, ಅದರ ಪರೀಕ್ಷಾ ಪತ್ರ ಎಲ್ಲಿ ಎಂದು ಕೇಳುತ್ತಾರೆ. ‘ನನ್ನ ಸಮಯ ಮುಗಿಯಿತು’ ಎಂದು ಸ್ಟೋರ್‌ನವರು ಬ್ಯಾಂಕಿಗೆ ಹೋಗಿದ್ದರೆ ಜಾಡು ಅಲ್ಲೇ ತುಂಡಾಗುತ್ತದೆ. ಅಳತೆ ಮಾಡಿದ ಮೈಕ್ರೋಮೀಟರಿನ ಕ್ಯಾಲಿಬ್ರೇಶನ್ ಪತ್ರ ರಜೆಯಲ್ಲಿರುವವರ ಬೀರುವಿನಲ್ಲಿದ್ದರೂ ಅದೇ ಪಾಡು. ವರದಿಯಲ್ಲಿ ಬರೆಯುವುದು ‘ಸಿಬ್ಬಂದಿ ಇರಲಿಲ್ಲ’ ಎಂದಲ್ಲ, ‘ಪುರಾವೆ ಸಿಗಲಿಲ್ಲ’ ಎಂದು.

ಹಾಗಾಗಿ ಪ್ರತಿ ವಿಭಾಗಕ್ಕೆ ಬದಲಿ ಹೆಸರೊಂದನ್ನು, ಬೀರುವಿನ ಕೀಲಿ ಯಾರ ಬಳಿ ಎಂಬುದನ್ನೂ ಸೇರಿಸಿ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸುವುದು ವಾಡಿಕೆ. ಜತೆಗೆ ನಡೆಯುವ ಮಾರ್ಗದರ್ಶಕರು ದಾರಿ ತೋರಿಸಬೇಕು, ಆಪರೇಟರ್ ಪರವಾಗಿ ಉತ್ತರಿಸಬಾರದು.