ನಿಮಗಿದು ಗೊತ್ತೆ? ಎರಡೂ ಕಪ್ಪೇ, ಬಿಸಿ ಮಾತ್ರ ಬೇರೆ!

ಒಂದೇ ಬಿಸಿಲಲ್ಲಿಟ್ಟ ಎರಡು ಕಪ್ಪು ತಗಡುಗಳು ಒಂದೇ ಸಮ ಕಾಯಬೇಕೆಂದಿಲ್ಲ. ಸೋಲಾರ್ ವಾಟರ್ ಹೀಟರಿನ ತಗಡನ್ನೇ ನೋಡಿ. ನೆತ್ತಿಯ ಮೇಲಿನ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಕಪ್ಪು ಬಣ್ಣ ಅದರಲ್ಲಿ 950 ವ್ಯಾಟ್ ಹೀರುತ್ತದೆ. ಹೀರಿದ್ದಷ್ಟೂ ಹೊರಹೋಗುವ ಹಂತ ಬಂದಾಗ ತಗಡು ಇನ್ನಷ್ಟು ಕಾಯುವುದು ನಿಲ್ಲುತ್ತದೆ.

ಗಾಜಿಲ್ಲ, ನೀರು ಹರಿಯುತ್ತಿಲ್ಲ, ಹಿಂಬದಿಗೆ ಶಾಖನಿರೋಧಕವಿದೆ, ಗಾಳಿ ಮಂದ, ಹೊರಗೆ 30 ಡಿಗ್ರಿ ಎಂದುಕೊಳ್ಳಿ. ಸಾಧಾರಣ ಕಪ್ಪು ಬಣ್ಣದ ತಗಡು ಸುಮಾರು 83 ಡಿಗ್ರಿಗೆ ನಿಲ್ಲುತ್ತದೆ. ಆಗ ಗಾಳಿ ಒಯ್ಯುವುದು ಸುಮಾರು 535 ವ್ಯಾಟ್. ಉಳಿದ 415 ವ್ಯಾಟ್ ಕಣ್ಣಿಗೆ ಕಾಣದ ಅವಕೆಂಪು ಕಿರಣವಾಗಿ ತಗಡಿನಿಂದಲೇ ಹೊರಬೀಳುತ್ತದೆ!

ಈ ಸೋರಿಕೆಗೆ ತಡೆ ಒಡ್ಡಿದ ಪ್ರಮುಖರಲ್ಲಿ ಒಬ್ಬರು ಇಸ್ರೇಲಿನ ಹ್ಯಾರಿ ಟೇಬರ್. 1950ರ ದಶಕದ ಅವರ ಲೇಪನ ಬಿಸಿಲಿಗೆ ಕಪ್ಪು, ಅವಕೆಂಪಿಗೆ ಕನ್ನಡಿ. ಇಂಥ ಲೇಪನ ಶಾಖ ಸೂಸುವುದು ಕಪ್ಪು ಬಣ್ಣದ ಹತ್ತರಲ್ಲೊಂದು ಪಾಲು ಎಂದಿಟ್ಟುಕೊಂಡರೆ, ಅದೇ ಬಿಸಿಲಲ್ಲಿ ತಗಡು 117 ಡಿಗ್ರಿ ಮುಟ್ಟುತ್ತದೆ.

ಆದರೆ ಗಾಳಿಗೆ ಈ ಉಪಾಯ ನಾಟದು. ಗಾಳಿ ಜೋರಾಗಿ, ತಗಡು ಹೊರಗಿಗಿಂತ ಬಿಸಿಯಿರುವ ಪ್ರತಿ ಡಿಗ್ರಿಗೆ ಅದು ಒಯ್ಯುವ ಶಾಖ ಇಮ್ಮಡಿಯಾದರೆ, ಲೇಪನದ ತಗಡೂ 76 ಡಿಗ್ರಿಗೆ ಇಳಿಯುತ್ತದೆ. ತಗಡಿನ ಮೇಲೆ ಗಾಜು ಮುಚ್ಚುವುದು ಮುಖ್ಯವಾಗಿ ಇದಕ್ಕೇ.