ಗೋಡೆ ಕುಡಿಯುವ ನೀರು

ಮೈಸೂರಿನ ಹಳೆಯ ಬಡಾವಣೆಯಲ್ಲಿರುವ ನಮ್ಮ ಸೋದರಮಾವನ ಮನೆಯ ನಡುಮನೆ ಗೋಡೆಯ ಮೇಲೆ ಸೊಂಟದ ಮಟ್ಟಕ್ಕೆ ಒಂದು ಗೆರೆಯಿದೆ. ಅದರ ಕೆಳಗೆ ಬಣ್ಣ ಹಪ್ಪಳದಂತೆ ಎದ್ದಿದೆ, ಬೆರಳು ತಾಗಿಸಿದರೆ ಗಾರೆ ಉದುರುತ್ತದೆ, ಉದುರಿದ ಪುಡಿಯಲ್ಲಿ ಬಿಳಿ ಉಪ್ಪು. ಮೇಲಿನ ಗೋಡೆ ಮಾತ್ರ ಗಟ್ಟಿ. ಮಾವ ಮೂರು ಸಲ ಬಣ್ಣ ಬಳಿಸಿದರು, ಒಮ್ಮೆ ಸಿಮೆಂಟ್ ಗಿಲಾವನ್ನೇ ಮಾಡಿಸಿದರು. ಗಿಲಾವಾದ ಮೇಲೆ ಗೆರೆ ಮತ್ತೆ ಬಂತು, ಒಂದು ಗೇಣು ಮೇಲಕ್ಕೇ ಬಂತು.

ಇಟ್ಟಿಗೆ ಮತ್ತು ಗಾರೆಯ ತುಂಬ ಕಣ್ಣಿಗೆ ಕಾಣದ ರಂಧ್ರಗಳಿವೆ. ದೀಪದ ಬತ್ತಿ ಎಣ್ಣೆ ಏರಿಸಿಕೊಳ್ಳುವ ಹಾಗೆ ಅವು ನೆಲದ ನೀರನ್ನು ಏರಿಸಿಕೊಳ್ಳುತ್ತವೆ. ಇದು ಲೋಮನಾಳ ಸೆಳೆತ. ರಂಧ್ರ ಸಣ್ಣದಾದಷ್ಟೂ ನೀರು ಮೇಲೇರುತ್ತದೆ: ತ್ರಿಜ್ಯ ಒಂದು ಮಿಲಿಮೀಟರಿನ ನೂರನೇ ಒಂದು ಭಾಗವಿದ್ದರೆ ಸುಮಾರು ಒಂದೂವರೆ ಮೀಟರ್, ಅದರ ಹತ್ತರಲ್ಲೊಂದು ಭಾಗವಿದ್ದರೆ ಲೆಕ್ಕದ ಪ್ರಕಾರ 15 ಮೀಟರ್. ಹಾಗಿದ್ದರೆ ನೀರು ಸೂರಿನವರೆಗೆ ಯಾಕೆ ಹೋಗುವುದಿಲ್ಲ? ದಾರಿಯುದ್ದಕ್ಕೂ ಗೋಡೆಯ ಮೈಯಿಂದ ಆವಿಯಾಗುತ್ತಿರುತ್ತದೆ. ಕೆಳಗಿಂದ ಬಂದಷ್ಟು ಮೈಯಿಂದ ಆರಿಹೋಗುವ ಎತ್ತರದಲ್ಲಿ ಗೆರೆ ನಿಲ್ಲುತ್ತದೆ. ಸುಣ್ಣದ ಗಾರೆ ನೀರನ್ನು ಸಲೀಸಾಗಿ ಆರಲು ಬಿಡುತ್ತದೆ, ದಟ್ಟ ಸಿಮೆಂಟು ಬಿಡುವುದಿಲ್ಲ. ಆರಲು ಜಾಗ ಸಿಗದ ನೀರು ಇನ್ನಷ್ಟು ಮೇಲೆ ಹೋಗಿ ಹುಡುಕಿಕೊಂಡಿತು. ಮಾವನ ಒಂದು ಗೇಣಿನ ಲೆಕ್ಕ ಇಷ್ಟೇ.

ನೀರು ಆರುತ್ತದೆ, ಅದು ಮಣ್ಣಿನಿಂದ ತಂದ ಉಪ್ಪು ಉಳಿಯುತ್ತದೆ. ಉಪ್ಪು ಹರಳುಗಟ್ಟುವಾಗ ಗಾರೆಯನ್ನು ಒಳಗಿಂದ ಒಡೆಯುತ್ತದೆ. ಜೊತೆಗೆ ಹಳೆಯ ಕೊಟ್ಟಿಗೆ, ಕೊಚ್ಚೆಯ ನೆಲದಿಂದ ಬರುವ ನೈಟ್ರೇಟ್ ಉಪ್ಪುಗಳು ಗಾಳಿಯ ತೇವವನ್ನೂ ಹೀರುತ್ತವೆ. ಅಡುಗೆಯ ಉಪ್ಪು ಮಳೆಗಾಲದಲ್ಲಿ ಡಬ್ಬಿಯಲ್ಲೇ ನೀರಾಗುವುದಿಲ್ಲವೇ, ಹಾಗೆ. ಕೆಳಗಿನ ನೀರನ್ನು ಪೂರ್ತಿ ತಡೆದರೂ ಹಳೆಯ ಗಿಲಾವು ಆಷಾಢದಲ್ಲಿ ಒದ್ದೆಯಾಗುತ್ತದೆ, ಜನ ರಿಪೇರಿ ಕೆಟ್ಟಿತು ಎಂದುಕೊಳ್ಳುತ್ತಾರೆ. ಗೋಡೆಗೆ ಒತ್ತಿ ಹಿಡಿಯುವ ತೇವದ ಮೀಟರ್ ಕೂಡ ಉಪ್ಪನ್ನು ನೀರೆಂದೇ ತೋರಿಸುತ್ತದೆ.

ಎಲ್ಲ ತೇವವೂ ನೆಲದಿಂದಲೇ ಬಂದದ್ದಲ್ಲ. ಮಳೆಗಾಲದಲ್ಲಿ ಮಾತ್ರ ಕಾಣುವ ಮಚ್ಚೆ ಹೊರಗೋಡೆಯ ಬಿರುಕಿನದ್ದಿರಬಹುದು, ಬಚ್ಚಲ ಪಕ್ಕದ ಮಚ್ಚೆ ಒಡೆದ ಪೈಪಿನದ್ದಿರಬಹುದು. ಬೇಸಗೆಯಲ್ಲೂ ಬಿಡದೆ ಗೋಡೆಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ನಿಂತ ಗೆರೆಯಾದರೆ ನೆಲದ್ದೆಂದು ಅನುಮಾನಿಸಬೇಕು.

ಹೊಸ ಮನೆಗಳಲ್ಲಿ ಅಡಿಪಾಯದ ಮೇಲೆ, ಗೋಡೆ ಏಳುವ ಮುನ್ನ, ನೀರು ದಾಟದ ಕಾಂಕ್ರೀಟ್ ಪದರ ಹಾಕುತ್ತಾರೆ. ಮೇಸ್ತ್ರಿಗಳ ಬಾಯಲ್ಲಿ ಅದು ಡಿಪಿಸಿ. 1950ರ ದಶಕದ ಮಾವನ ಮನೆಗೆ ಅದಿಲ್ಲ. ಇದ್ದಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಅಂಗಳಕ್ಕೆ ಮಣ್ಣು ತುಂಬಿ, ಗೋಡೆಗಂಟಿಸಿ ಕಾಂಕ್ರೀಟ್ ಹಾಕಿ, ಹೊರಗಿನ ಮಟ್ಟ ಒಳಗಿನ ಕೆಂಪು ನೆಲಕ್ಕಿಂತ ಎರಡು ಇಂಚು ಮೇಲಾಗಿತ್ತು. ಪದರವನ್ನು ಬಳಸಿಕೊಂಡು ಮೇಲಿನ ಗೋಡೆಗೆ ನೀರು ನೇರ ಸೇರುತ್ತಿತ್ತು. ಹಾಗಾಗಿ ಮೊದಲ ಖರ್ಚು ಗುದ್ದಲಿಯದ್ದು: ಗೋಡೆಯ ಬದಿಯ ಕಾಂಕ್ರೀಟ್ ಒಡೆದು, ಹೊರಗಿನ ಮಟ್ಟವನ್ನು ಒಳನೆಲಕ್ಕಿಂತ ಸುಮಾರು ಎಂಟು ಇಂಚು ಕೆಳಗಿಳಿಸಿ, ಜಲ್ಲಿ ತುಂಬಿ, ಮಳೆನೀರು ಆಚೆ ಹರಿಯುವಂತೆ ಇಳಿಜಾರು ಕೊಟ್ಟರು. ಎಷ್ಟೋ ಮನೆಗಳಿಗೆ ಇದೊಂದೇ ಸಾಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಗುದ್ದಲಿ ಕೆಲಸಕ್ಕೆ ಜಾಹೀರಾತು ಕೊಡುವವರಿಲ್ಲ.

ಅದಾದ ಮೇಲೂ ಏರುವ ನೀರಿಗೆ ಗೋಡೆಯೊಳಗೇ ತಡೆ ಕಟ್ಟಬೇಕು. ಗೋಡೆಯನ್ನು ಒಂದೊಂದು ಮೀಟರಿನಂತೆ ಕೊಯ್ದು ಹಾಳೆ ತೂರಿಸುವುದು ಖಚಿತವಾದ ದಾರಿ. ಆದರೆ ಮಣ್ಣಿನ ಗಾರೆಯ ಗೋಡೆ ಕುಸಿಯುವ ಭಯವಿದೆ. ಸುಲಭದ್ದು ಸಿಲೇನ್ ಎಂಬ ರಾಸಾಯನಿಕದ ಕ್ರೀಮ್. ಅದು ರಂಧ್ರಗಳನ್ನು ಮುಚ್ಚುವುದಿಲ್ಲ, ಅವುಗಳ ಒಳಮೈಗೆ ಹರಡಿಕೊಂಡು ಅದನ್ನು ಕೆಸುವಿನ ಎಲೆಯ ಹಾಗೆ ಮಾಡುತ್ತದೆ. ನೀರು ಅಂಟದ ಕಡೆ ಏರುವುದೂ ಇಲ್ಲ.

ಮಾವನ ಗೋಡೆ ನಾಲ್ಕು ಮೀಟರ್ ಉದ್ದ, 350 ಮಿಲಿಮೀಟರ್ ದಪ್ಪ. ಹೊರನೆಲದಿಂದ ಆರು ಇಂಚು ಮೇಲಿನ ಗಾರೆಯ ಸಾಲಿನಲ್ಲಿ 12 ಮಿಲಿಮೀಟರ್ ತೂತುಗಳನ್ನು 120 ಮಿಲಿಮೀಟರಿಗೊಂದರಂತೆ 310 ಮಿಲಿಮೀಟರ್ ಆಳಕ್ಕೆ ಕೊರೆದರು: ಒಟ್ಟು 34 ತೂತು, ಸುಮಾರು 1.2 ಲೀಟರ್ ಕ್ರೀಮ್. ತೂತನ್ನು ಇಟ್ಟಿಗೆಗೆ ಕೊರೆದರೆ ಗಾರೆಯ ದಾರಿ ತೆರೆದೇ ಉಳಿಯುತ್ತದೆ. ಒಳಗೆ ಟೊಳ್ಳಿರುವ ಕಲ್ಲುಗೋಡೆಯಲ್ಲಿ ಕ್ರೀಮ್ ಎಲ್ಲಿ ಸೇರಿತೋ ಹೇಳಲಾಗದು, ಅಲ್ಲಿ ಫಲಿತಾಂಶ ನಂಬುವಂತಿಲ್ಲ.

ನಂತರ ಗೆರೆಗಿಂತ ಒಂದಡಿ ಮೇಲಿನವರೆಗೆ ಉಪ್ಪು ತುಂಬಿದ ಗಿಲಾವು ಕೆತ್ತಿ ತೆಗೆದರು. ಅದನ್ನು ಬಿಟ್ಟರೆ ಇಷ್ಟೂ ಕೆಲಸ ವ್ಯರ್ಥ. ಹೊಸ ಗಿಲಾವು ಸುಣ್ಣ, ಮರಳಿನದೇ ಆಗಬೇಕು. ಆದರೆ ಈಗಲೇ ಅಲ್ಲ. ಒಂದಿಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಗೋಡೆ ಒಣಗುವ ಅಂದಾಜು, ಈ ಗೋಡೆಗೆ ಹದಿನಾಲ್ಕು ತಿಂಗಳು. ಮಾವ ಗೋಡೆಗೊಂದು ಪಂಚೆ ಇಳಿಬಿಟ್ಟು ಮುಚ್ಚಿದ್ದರು, ಬಂದವರು ನೋಡಬಾರದೆಂದು. ಅತ್ತೆ ದಿನಾ ಬೆಳಗ್ಗೆ ಅದನ್ನು ಪಕ್ಕಕ್ಕೆ ಸರಿಸಿ ಕಿಟಕಿ ತೆಗೆಯುತ್ತಾರೆ.