ಸೋಲಾರ್ ಯೂನಿಟ್ ಕಡಿಮೆಯಾಯಿತೇ? ಪ್ಯಾನೆಲ್ ಸವೆದಿದೆಯೋ, ಮೋಡ ಹೆಚ್ಚಿತ್ತೋ ತಿಳಿಯುವುದು ಹೀಗೆ

ಮನೆ ಅಥವಾ ಅಪಾರ್ಟ್‌ಮೆಂಟ್ ಚಾವಣಿಯ ಮೇಲೆ ಸೋಲಾರ್ ಹಾಕಿಸಿದವರು ಮೊಬೈಲ್ ಆ್ಯಪ್‌ನಲ್ಲಿ ಹಿಂದಿನ ವರ್ಷದ ಯೂನಿಟ್‌ಗಳನ್ನು ಈ ವರ್ಷದ ಜೊತೆ ಹೋಲಿಸಿ ನೋಡುವುದು ಸಾಮಾನ್ಯ. ಸಂಖ್ಯೆ ಇಳಿದಿದ್ದರೆ 'ಪ್ಯಾನೆಲ್ ಕೆಟ್ಟಿತು' ಎಂಬ ಆತಂಕ ಶುರುವಾಗುತ್ತದೆ. ಆದರೆ ಪ್ಯಾನೆಲ್ ವರ್ಷಕ್ಕೆ ಸವೆಯುವುದು ಸಾಮಾನ್ಯವಾಗಿ ಶೇ. 0.5ರಿಂದ 1ರಷ್ಟು ಮಾತ್ರ. ಬಿಸಿಲು ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಇದಕ್ಕಿಂತ ಹಲವು ಪಟ್ಟು ಏರುಪೇರಾಗಬಹುದು. ಹಾಗಾಗಿ ಹವಾಮಾನದ ಪಾಲನ್ನು ಕಳೆಯದೆ ಸವೆತದ ಲೆಕ್ಕ ಸಿಗುವುದಿಲ್ಲ.

ಒಂದು ಉದಾಹರಣೆ

ಪುಣೆಯ ಹೌಸಿಂಗ್ ಸೊಸೈಟಿಯೊಂದರಲ್ಲಿ 10 ಕಿಲೋವ್ಯಾಟ್ ಸೋಲಾರ್ ಇದೆ ಎಂದುಕೊಳ್ಳಿ. ಎರಡನೇ ವರ್ಷ 14,600 ಯೂನಿಟ್ ಬಂದಿತ್ತು, ಮೂರನೇ ವರ್ಷ 13,900ಕ್ಕೆ ಇಳಿಯಿತು. ಇಳಿಕೆ ಶೇ. 4.8. ಇಲ್ಲಿ ಮೊದಲ ವರ್ಷವನ್ನು ಬಿಟ್ಟಿರುವುದಕ್ಕೆ ಕಾರಣವಿದೆ. ಹಲವು ಬಗೆಯ ಪ್ಯಾನೆಲ್‌ಗಳು ಬಿಸಿಲಿಗೆ ಬಿದ್ದ ಆರಂಭದಲ್ಲೇ ಒಮ್ಮೆ ಸ್ವಲ್ಪ ಸಾಮರ್ಥ್ಯ ಕಳೆದುಕೊಳ್ಳುತ್ತವೆ. ಅದನ್ನು ಪ್ರತಿ ವರ್ಷದ ಸವೆತದ ಜೊತೆ ಸೇರಿಸಬಾರದು.

ಮೊದಲಿಗೆ ಬಿಸಿಲಿನ ಲೆಕ್ಕ. ಪ್ಯಾನೆಲ್ ಪಕ್ಕದಲ್ಲಿ ಬಿಸಿಲು ಅಳೆಯುವ ಸೆನ್ಸರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ 'ನಾಸಾ ಪವರ್' ತಾಣದಲ್ಲಿ ಉಪಗ್ರಹ ಆಧಾರಿತ ಮಾಹಿತಿ ಉಚಿತವಾಗಿ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ಎರಡನೇ ವರ್ಷ ಪ್ರತಿ ಚದರ ಮೀಟರ್‌ಗೆ 1,900 ಯೂನಿಟ್‌ನಷ್ಟು ಬಿಸಿಲು ಬಿದ್ದಿತ್ತು, ಮೂರನೇ ವರ್ಷ 1,840. ಅಂದರೆ ಬಿಸಿಲೇ ಶೇ. 3ಕ್ಕಿಂತ ಹೆಚ್ಚು ಕಡಿಮೆ.

ಎರಡನೆಯದು, ಘಟಕ ನಿಂತಿದ್ದ ದಿನಗಳು. ಮೂರನೇ ವರ್ಷ ಇನ್ವರ್ಟರ್ ಕೆಟ್ಟು ನಾಲ್ಕು ದಿನ ಉತ್ಪಾದನೆಯೇ ಇರಲಿಲ್ಲ. ಆ ದಿನಗಳಲ್ಲಿ ಬಿದ್ದ 24 ಯೂನಿಟ್ ಬಿಸಿಲನ್ನು ಲೆಕ್ಕದಿಂದ ತೆಗೆದರೆ ಉಳಿಯುವುದು 1,816.

ಈಗ ಬಂದ ಯೂನಿಟ್‌ಗಳನ್ನು ಘಟಕದ ಸಾಮರ್ಥ್ಯ ಮತ್ತು ಬಿಸಿಲಿನ ಗುಣಲಬ್ಧದಿಂದ ಭಾಗಿಸಿ:

ಎರಡನೇ ವರ್ಷ: 14,600 ÷ (10 × 1,900) = 0.768
ಮೂರನೇ ವರ್ಷ: 13,900 ÷ (10 × 1,816) = 0.765

ಮೂರನೆಯದು ತಾಪಮಾನ. ಸಾಮಾನ್ಯ ಸಿಲಿಕಾನ್ ಪ್ಯಾನೆಲ್ ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ಉತ್ಪಾದನೆ ಸುಮಾರು ಶೇ. 0.4ರಷ್ಟು ತಗ್ಗುತ್ತದೆ. ನಿಖರ ಸಂಖ್ಯೆ ಪ್ಯಾನೆಲ್‌ನ ಡೇಟಾಶೀಟ್‌ನಲ್ಲಿರುತ್ತದೆ. ಮೋಡ ಹೆಚ್ಚಿದ್ದ ಮೂರನೇ ವರ್ಷ ಪ್ಯಾನೆಲ್‌ಗಳು ಸರಾಸರಿ ಒಂದು ಡಿಗ್ರಿ ತಂಪಾಗಿದ್ದವು ಎಂದಾದರೆ, ಅದರಿಂದ ಶೇ. 0.4ರಷ್ಟು ಲಾಭವೇ ಆಗಿದೆ. ಆ ಲಾಭವನ್ನು ಕಳೆದರೆ 0.765 ಎಂಬುದು 0.762 ಆಗುತ್ತದೆ. ಕೊನೆಗೆ ಉಳಿದ ಇಳಿಕೆ ಶೇ. 0.8. ಆ್ಯಪ್ ತೋರಿಸಿದ್ದು ಇದರ ಆರು ಪಟ್ಟು!

ಒಂದು ಹೋಲಿಕೆ ಸಾಲದು

ಹಾಗೆಂದು ಈ ಶೇ. 0.8 ಅನ್ನೇ ಅಂತಿಮ ಎನ್ನುವಂತಿಲ್ಲ. ಉಪಗ್ರಹದ ಬಿಸಿಲಿನ ಅಂದಾಜಿನಲ್ಲೇ ಇಷ್ಟು ತಪ್ಪು ನುಸುಳಿರಬಹುದು. ಅದಕ್ಕಾಗಿ ಪರಿಣತರು ವರ್ಷದ ಮೊತ್ತದ ಬದಲು ದಿನಗಳನ್ನು ಹೋಲಿಸುತ್ತಾರೆ. ಈ ವರ್ಷದ ಮಾರ್ಚ್ 10ನ್ನು ಕಳೆದ ವರ್ಷದ ಮಾರ್ಚ್ 10ರ ಜೊತೆ, ಹೀಗೆ ಪ್ರತಿ ದಿನವನ್ನೂ ಮೇಲಿನ ತಿದ್ದುಪಡಿಗಳ ನಂತರ ಹೋಲಿಸಬೇಕು. ತಾರೀಕು ಒಂದೇ ಆಗಿರುವುದರಿಂದ ಸೂರ್ಯನ ಕೋನ ಒಂದೇ ಇರುತ್ತದೆ. ಬೇಸಿಗೆಯ ಧೂಳು, ಮಳೆಗಾಲದ ತೊಳೆತ ಕೂಡ ಹೆಚ್ಚುಕಡಿಮೆ ಸರಿಹೊಂದುತ್ತವೆ.

ನಾಲ್ಕು ವರ್ಷದ ದಾಖಲೆಯಿದ್ದರೆ ಇಂತಹ ಸಾವಿರಕ್ಕೂ ಹೆಚ್ಚು ಜೋಡಿಗಳು ಸಿಗುತ್ತವೆ. ಅವುಗಳ ವ್ಯತ್ಯಾಸವನ್ನು ಏರಿಕೆ ಕ್ರಮದಲ್ಲಿ ಜೋಡಿಸಿ ನಟ್ಟನಡುವಿನ ಸಂಖ್ಯೆಯನ್ನು ತೆಗೆದುಕೊಂಡರೆ ಅದೇ ವರ್ಷದ ಸವೆತದ ದರ. ಸರಾಸರಿ ತೆಗೆದರೆ ನಾಲ್ಕಾರು ಕೆಟ್ಟ ದಿನಗಳು ಉತ್ತರವನ್ನೇ ಎಳೆದುಬಿಡುತ್ತವೆ, ನಡುವಿನ ಸಂಖ್ಯೆ ಹಾಗೆ ಅಲುಗುವುದಿಲ್ಲ. ಅಮೆರಿಕದ ಎನ್‌ಆರ್‌ಇಎಲ್ ಎಂಬ ಹೆಸರಿದ್ದಾಗ ಅಲ್ಲಿನ ಪ್ರಯೋಗಾಲಯ ರೂಪಿಸಿದ 'ಆರ್‌ಡಿಟೂಲ್ಸ್' ಎಂಬ ಉಚಿತ ತಂತ್ರಾಂಶ ಇದೇ ವಿಧಾನ ಬಳಸುತ್ತದೆ. ಕನಿಷ್ಠ ಎರಡು ವರ್ಷದ ದಾಖಲೆ ಬೇಕೇ ಬೇಕು. ನಾಲ್ಕೈದು ವರ್ಷದ್ದಿದ್ದರೆ ಉತ್ತರ ನಂಬಿಕೆಗೆ ಅರ್ಹ.

ಎಲ್ಲಿ ಎಡವಬಹುದು?

ಬಿಸಿಲಿನ ಸೆನ್ಸರ್ ಮೇಲೆ ಧೂಳು ಕೂತರೆ ಅದು ಬಿಸಿಲನ್ನು ಕಡಿಮೆ ಎಂದು ತೋರಿಸುತ್ತದೆ. ಆಗ ಪ್ಯಾನೆಲ್ ಸವೆದೇ ಇಲ್ಲ, ಇನ್ನೂ ಚೆನ್ನಾಗಿದೆ ಎಂಬ ಉತ್ತರ ಬರುತ್ತದೆ. ಸವೆತದ ದರ ಸೊನ್ನೆ ಅಥವಾ ಅದರ ಆಚೆಗೆ ಬಂದರೆ ಮೊದಲು ಸೆನ್ಸರ್ ಒರೆಸಿ ನೋಡಿ.

ಇಳಿಕೆಯ ರೂಪವನ್ನೂ ಗಮನಿಸಿ. ಸವೆತ ನಿಧಾನವಾಗಿ, ದಿನವಿಡೀ ಒಂದೇ ಪ್ರಮಾಣದಲ್ಲಿ ಕಾಣುತ್ತದೆ. ಒಂದೇ ದಿನ ಧುತ್ತೆಂದು ಕುಸಿದರೆ ಫ್ಯೂಸ್ ಹೋಗಿರಬಹುದು ಅಥವಾ ವೈರ್ ಬಿಟ್ಟಿರಬಹುದು. ಸಂಜೆ ಮಾತ್ರ ಇಳಿದಿದ್ದರೆ ಪಶ್ಚಿಮಕ್ಕೆ ಎದ್ದ ಹೊಸ ಕಟ್ಟಡದ ಅಥವಾ ಬೆಳೆದ ಮರದ ನೆರಳನ್ನು ಅನುಮಾನಿಸಿ.

ಇಷ್ಟೆಲ್ಲ ಕಳೆದ ಮೇಲೂ ದರ ವರ್ಷಕ್ಕೆ ಶೇ. 1ಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ವಾರಂಟಿ ಪತ್ರ ತೆಗೆಯಿರಿ. 25 ವರ್ಷಕ್ಕೆ ಶೇ. 80ರಷ್ಟು ಸಾಮರ್ಥ್ಯ ಉಳಿಯುತ್ತದೆ ಎಂಬ ಭರವಸೆಯಿದ್ದರೆ, ಅದು ವರ್ಷಕ್ಕೆ ಸರಾಸರಿ ಶೇ. 0.8 ಸವೆತಕ್ಕೆ ಸಮ. ಆದರೆ ವಾರಂಟಿ ಇರುವುದು ಪ್ರತಿ ಪ್ಯಾನೆಲ್‌ನ ಸಾಮರ್ಥ್ಯಕ್ಕೆ, ಇಡೀ ಘಟಕದ ಯೂನಿಟ್‌ಗಲ್ಲ. ಯಾವ ಪ್ಯಾನೆಲ್ ಸೋತಿದೆ ಎಂಬುದನ್ನು ಪ್ಯಾನೆಲ್‌ಗಳನ್ನು ಬಿಡಿಬಿಡಿಯಾಗಿ ಅಳೆಸಿಯೇ ತಿಳಿಯಬೇಕು. ಆ ಪರೀಕ್ಷೆಗೆ ಹಣ ಹಾಕಬೇಕೇ, ಬೇಡವೇ ಎಂಬುದನ್ನು ಈ ಲೆಕ್ಕ ಹೇಳುತ್ತದೆ.